ಮೊದಲೇ ದುಡ್ಡು ಕೊಟ್ಟು ಕೂರುವ ಜಾಗ

ದಿಲ್ಲಿಯಲ್ಲಿ ಒಂದು ಗಂಡು, ಒಂದು ಹೆಣ್ಣು ಎದುರುಬದುರು ಕೂತು ನೆಮ್ಮದಿಯಾಗಿ ಮಾತಾಡಲು ಜಾಗವಿಲ್ಲ ಎನ್ನುವುದು ನನಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಏಕೆಂದರೆ ಹಾಗೆ ಕೂತವರನ್ನು ಎಬ್ಬಿಸಿ ಕಳಿಸುವುದು ನಮ್ಮ ಮನೆಯ ಕಸುಬಾಗಿತ್ತು.

ನಮ್ಮದು ದಕ್ಷಿಣ ದಿಲ್ಲಿಯ ಒಂದು ಮಾರ್ಕೆಟ್ಟಿನಲ್ಲಿ ದೋಸೆ-ಇಡ್ಲಿಯ ಹೋಟೆಲು. ದೊಡ್ಡಪ್ಪ ಯಜಮಾನರು, ಅಪ್ಪಯ್ಯ ಗಲ್ಲಾದಲ್ಲಿ. ಕುಂದಾಪುರದ ಕಡೆಯಿಂದ ಬಂದ ನಾವೆಲ್ಲರೂ, ಎರಡು ಸಂಸಾರ ಮತ್ತು ಅಡುಗೆಯವರು, ಹೋಟೆಲಿನ ಮೇಲಿನ ಮಹಡಿಯಲ್ಲೇ ಇದ್ದೆವು. ಶಾಲೆಯಿಂದ ಬಂದು ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದ ನನಗೆ, ಯಾವ ಟೇಬಲ್ಲಿನವರು ಗಂಡಹೆಂಡತಿ, ಯಾವ ಟೇಬಲ್ಲಿನವರು ಅಲ್ಲ ಎಂದು ಹೇಳಲು ಅರೆಗಳಿಗೆ ಸಾಕಾಗುತ್ತಿತ್ತು. ಗಂಡಹೆಂಡತಿ ತಮ್ಮ ತಮ್ಮ ತಟ್ಟೆ ನೋಡಿಕೊಂಡು ತಿನ್ನುತ್ತಾರೆ. ಒಂದು ಮಸಾಲೆದೋಸೆಗೆ ಎರಡು ಚಮಚ ಕೇಳಿದರೆ ಅವರು ಮದುವೆಯಾದವರಲ್ಲ.

ಇಂಥ ಜೋಡಿಗಳನ್ನು ಕಂಡರೆ ಅಪ್ಪಯ್ಯನಿಗೆ ಆಗುತ್ತಿರಲಿಲ್ಲ. ಒಂದು ಕಾಫಿ ತೆಗೆದುಕೊಂಡು ಮಧ್ಯಾಹ್ನವಿಡೀ ಟೇಬಲ್ ಹಿಡಿದು ಕೂತರೆ ಹೋಟೆಲು ನಡೆಯುವುದು ಹೇಗೆ? ಬೈಯುವ ಹಾಗಿಲ್ಲ, ಎಷ್ಟೆಂದರೂ ಗಿರಾಕಿ. ಅದಕ್ಕೇ ಅವರದೊಂದು ಕ್ರಮವಿತ್ತು. ಮೊದಲು ಒರೆಸಿದ ಟೇಬಲ್ಲನ್ನೇ ಮತ್ತೊಮ್ಮೆ ಒರೆಸಲು ಮಾಣಿಯನ್ನು ಕಳಿಸುವುದು. ಆಮೇಲೆ 'ಔರ್ ಕುಛ್, ಸಾಬ್?' ಎಂದು ಕೇಳಿಸುವುದು. ಅದಕ್ಕೂ ಜಗ್ಗದಿದ್ದರೆ ಕೇಳದೆಯೇ ಬಿಲ್ಲು, ಅದರ ಮೇಲೆ ಸೋಂಪು. ಕೊನೆಗೆ ಆ ಟೇಬಲ್ಲಿನ ಮೇಲಿನ ಫ್ಯಾನು ಬಂದ್. ಗಲ್ಲಾದ ಹಿಂದಿನ ಸ್ವಿಚ್ ಬೋರ್ಡಿಗೆ ಅಪ್ಪಯ್ಯ ಕೈಚಾಚಿದರೆಂದರೆ ನಾನು ಪುಸ್ತಕ ಮುಚ್ಚಿ ನೋಡಲು ಕೂರುತ್ತಿದ್ದೆ. ಜೂನ್ ತಿಂಗಳ ದಿಲ್ಲಿಯಲ್ಲಿ ಪ್ರೇಮ ಎಷ್ಟು ಹೊತ್ತು ಬಾಳುತ್ತದೆಂದು ನನಗೆ ಆಗಲೇ ಅಂದಾಜಿತ್ತು. ಬೆವರು ಒರೆಸಿಕೊಳ್ಳುತ್ತಾ ಎದ್ದು ಹೋಗುವ ಆ ಜೋಡಿಗಳ ಬಗ್ಗೆ ನನಗೆ ಒಂದು ಚೂರೂ ಕನಿಕರವಿರಲಿಲ್ಲ. ಸರಿಯಾದ ಜಾಗ ಹುಡುಕಿಕೊಳ್ಳಲೂ ಬಾರದವರು ಎಂದುಕೊಳ್ಳುತ್ತಿದ್ದೆ.

ಹಾಗೆಂದುಕೊಂಡ ನಾನೇ ಇಪ್ಪತ್ತಾರರ ವಯಸ್ಸಿನಲ್ಲಿ, ನೋಯ್ಡಾದ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೂತು, ಲೆಕ್ಕ ಬಿಟ್ಟು ಜಾಗ ಹುಡುಕುತ್ತಿದ್ದೆ.

ಅವನು ಸಿಕ್ಕಿದ್ದು ದಿಲ್ಲಿಯ ಕನ್ನಡಿಗರ ಒಂದು ಇ-ಮೇಲ್ ಗುಂಪಿನಲ್ಲಿ. ತುಮಕೂರಿನ ಕಡೆಯವನು, ಗ್ರೇಟರ್ ನೋಯ್ಡಾದಲ್ಲಿ ಸಾಫ್ಟ್‌ವೇರ್ ಕೆಲಸ. ರಾಗಿಹಿಟ್ಟು ಎಲ್ಲಿ ಸಿಗುತ್ತದೆಂದು ಗುಂಪಿಗೆಲ್ಲ ಕೇಳಿದ್ದ. ನಾನು ಒಂದು ಅಂಗಡಿ ಹೇಳಿದೆ. ಅವನು ಧನ್ಯವಾದ ಹೇಳಿದ, ಮುದ್ದೆ ಗಂಟಾಯಿತೆಂದು ಬರೆದ, ನಾನು ನಕ್ಕೆ. ಹೀಗೆ ಶುರುವಾದದ್ದು ಮೂರು ತಿಂಗಳಲ್ಲಿ ಫೋನಿಗೆ ಬಂತು. ಅವನ ಮೇಲ್‌ಗಳಲ್ಲಿ ಬಡಾಯಿ ಜಾಸ್ತಿ. ಸಮಾಜಕ್ಕೆ ಹೆದರುವವರು ಬದುಕುವುದೇ ಇಲ್ಲ, ಇಷ್ಟಪಟ್ಟವರ ಕೈ ಹಿಡಿದು ನಡುರಸ್ತೆಯಲ್ಲಿ ನಡೆಯುವ ಎದೆ ಬೇಕು, ಇತ್ಯಾದಿ. ನಾನು ಅವನ್ನೆಲ್ಲ ಮೂಗು ಮುರಿದುಕೊಂಡೇ ಓದುತ್ತಿದ್ದೆ. ಆದರೆ ಫೋನಿನಲ್ಲಿ ಅವನ ದನಿ ಚೆನ್ನಾಗಿತ್ತು. ಆ ದನಿ ನನಗೆ ಇಷ್ಟವಾಗಿತ್ತು. ಅದನ್ನು ಬರೆಯುವಾಗ ಇವತ್ತಿಗೂ ಸಿಟ್ಟು ಬರುತ್ತದೆ.

ಭೇಟಿಯಾಗೋಣ ಎಂದು ಅವನೇ ಕೇಳಿದ. ಸರಿ ಎಂದೆ. ಎಲ್ಲಿ ಎನ್ನುವಲ್ಲಿಗೆ ಬಂದಾಗ ಅವನ ಬುದ್ಧಿಯ ಆಳ ಗೊತ್ತಾಯಿತು.

ಮೊದಲು ಸಿನಿಮಾ ಎಂದ. ಮುಖ ನೋಡಲು ಬಂದವರು ಕತ್ತಲಲ್ಲಿ ಮೂರು ಗಂಟೆ ಪರದೆ ನೋಡಿಕೊಂಡು ಕೂರುವುದು ಯಾವ ಸೀಮೆಯ ಭೇಟಿ? ಆಮೇಲೆ, ಇಂದಿರಾಪುರಂನಲ್ಲಿ ಅವನ ಸ್ನೇಹಿತನ ಫ್ಲ್ಯಾಟು ಖಾಲಿ ಇದೆ, ಡಿಸ್ಟರ್ಬೆನ್ಸ್ ಇರಲ್ಲ ಎಂದ. ಅದಕ್ಕೆ ನಾನು ಉತ್ತರವನ್ನೇ ಕೊಡಲಿಲ್ಲ. ಅವನಿಗೂ ಅರ್ಥವಾಗಿ, 'ಸುಮ್ನೆ ಹೇಳ್ದೆ' ಎಂದ. ಮೂರನೆಯದಾಗಿ ಗೋರಿಗಳಿರುವ ಒಂದು ಪಾರ್ಕು. ಆ ಪಾರ್ಕುಗಳ ಕಥೆ ಊರಿಗೆಲ್ಲ ಗೊತ್ತು. ಒಂದೊಂದು ಪೊದೆಗೆ ಒಂದೊಂದು ಜೋಡಿ. ಅವರ ನಡುವೆ ಕಡಲೆಕಾಯಿ ಮಾರುವವನು, ಗುಲಾಬಿಯನ್ನು ಮೂಗಿಗೇ ಹಿಡಿಯುವವನು, ಬೆಂಚಿಗೆ ಲಾಠಿ ಕುಟ್ಟಿ 'ಮದುವೆ ಆಗಿದೆಯಾ' ಎಂದು ಕೇಳಿ ಚಹಾ-ಪಾನಿಗೆ ಕೈಯೊಡ್ಡುವ ಖಾಕಿಯವನು.

ಇಷ್ಟಾದ ಮೇಲೆ, ಕೊನೆಗೂ ಒಳ್ಳೆಯದೊಂದು ಹೊಳೆಯಿತೆನ್ನುವ ಹುರುಪಿನಲ್ಲಿ ನಮ್ಮ ಹೋಟೆಲಿನ ಹೆಸರನ್ನೇ ಹೇಳಿದ.

ನನ್ನ ಅಪ್ಪಯ್ಯನದು 'ಬಿಸಿನೆಸ್' ಎಂದಷ್ಟೇ ಅವನಿಗೆ ಹೇಳಿದ್ದೆ.

"ಫ್ಯಾಮಿಲಿಗಳೇ ಬರೋ ಜಾಗ ರೀ, ರೇಟೂ ಜಾಸ್ತಿ ಇಲ್ಲ," ಎಂದ. "ನಾನು ಎರಡು ಸಲ ಹೋಗಿದೀನಿ. ಗಲ್ಲಾದಲ್ಲಿ ಮುಖ ಗಂಟು ಹಾಕ್ಕೊಂಡು ಒಬ್ಬ ಕೂತಿರ್ತಾನೆ, ಜಾಸ್ತಿ ಹೊತ್ತು ಕೂತ್ರೆ ಫ್ಯಾನ್ ಆಫ್ ಮಾಡ್ತಾನೆ. ಅದೊಂದು ಬಿಟ್ರೆ ಫುಲ್ ಸೇಫ್."

"ಅಲ್ಲಿ ಸಾಂಬಾರು ಸರಿ ಇಲ್ಲ," ಎಂದು ಬಾಯಿ ಮುಚ್ಚಿಸಿದೆ. ಅವತ್ತು ಮನೆಗೆ ಹೋಗಿ ಅದೇ ಸಾಂಬಾರಿನಲ್ಲಿ ಊಟ ಮಾಡಿದೆ.

ನಮ್ಮ ಹೋಟೆಲೊಂದೇ ಅಲ್ಲ, ಊರಿನ ಯಾವ ದೋಸೆ ಹೋಟೆಲೂ ನನಗೆ ಆಗುವಂತಿರಲಿಲ್ಲ. ಕರೋಲ್‌ಬಾಗಿನಿಂದ ಮುನಿರ್ಕಾವರೆಗೆ ಗಲ್ಲಾದಲ್ಲಿ ಕೂತವರೆಲ್ಲ ಒಂದೋ ನಮ್ಮ ನೆಂಟರು, ಅಥವಾ ನಮ್ಮಲ್ಲಿ ಕೆಲಸ ಮಾಡಿ ಹೋದವರು. ನಾನು ಯಾರದೋ ಎದುರು ಕೂತು ಕಾಫಿಗೆ ಸಕ್ಕರೆ ಹಾಕಿಕೊಳ್ಳುವಷ್ಟರಲ್ಲಿ ದೊಡ್ಡಪ್ಪನಿಗೆ ಫೋನು ಹೋಗಿರುತ್ತಿತ್ತು. ಆಮೇಲೆ ನಡೆಯುವುದೂ ಗೊತ್ತಿದ್ದದ್ದೇ. ನೋಯ್ಡಾದ ಕೆಲಸ ಸಾಕು ಎನ್ನುತ್ತಾರೆ, ಮುಂಬಯಿಯಲ್ಲಿ ಎರಡು ಹೋಟೆಲಿರುವ ಹುಡುಗನ ಜಾತಕ ಬರುತ್ತದೆ, ನಾನು ಇನ್ನೊಂದು ಗಲ್ಲಾದ ಪಕ್ಕದ ಸ್ಟೂಲಿಗೆ ಹೋಗಿ ಕೂರುತ್ತೇನೆ. ಹುಟ್ಟಿದಾಗಿನಿಂದ ಹತ್ತು ಜನರ ಕಣ್ಣೆದುರೇ ಬೆಳೆದವಳು ನಾನು. ಯಾರೂ ನೋಡದೆ ಒಂದು ಗಂಟೆ ಆ ದನಿಯವನ ಎದುರು ಕೂತು, ಇವನ ಜೊತೆ ನನಗೆ ಹಾಯೆನಿಸುತ್ತದೋ ಇಲ್ಲವೋ ನೋಡಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಮೈಸೂರಿನ ಕ್ರಿಶ್ಚಿಯನ್ ಹುಡುಗಿ, ಇಂದಿರಾಪುರಂನಲ್ಲಿ ಒಬ್ಬಳೇ ಇದ್ದವಳು. ಇಂಥದ್ದರಲ್ಲಿ ಪಳಗಿದವಳೆಂದು ಅವಳ ಭಾವನೆ.

"ಕಾಫಿ ಶಾಪ್‌ಗೆ ಹೋಗೇ. ಏಸಿ ಇರತ್ತೆ, ಡೀಸೆಂಟಾಗಿರತ್ತೆ," ಎಂದಳು.

ಹೋಗಿ ನೋಡಿಕೊಂಡು ಬಂದೆ. ಹೋಟೆಲಿನವರ ಮಗಳ ಕಣ್ಣಿಗೆ ಅದೊಂದು ಬೋನು. ಒಂದು ಕಪ್ ನೊರೆಗೆ ನಮ್ಮಲ್ಲಿ ಇಬ್ಬರು ಹೊಟ್ಟೆತುಂಬ ಉಣ್ಣುವಷ್ಟು ಬೆಲೆ. ಕೂತರೆ ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಆಳದ ಸೋಫಾ. ಅದರಿಂದ ಮರ್ಯಾದೆಯಾಗಿ ಎದ್ದು ಬರಲು ಯಾವ ಹೆಣ್ಣಿಗೂ ಸಾಧ್ಯವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬಿಲ್ಲು ಕೊನೆಗೆ ಬರುತ್ತದೆ. ಎದುರಿಗಿರುವವನು ಹಿಡಿಸಲಿಲ್ಲ ಎನ್ನಿ, ಎದ್ದು ಹೋಗುವ ಹಾಗಿಲ್ಲ. ಮಾಣಿಯನ್ನು ಕರೆಯಬೇಕು, ಬಿಲ್ಲಿಗೆ ಕಾಯಬೇಕು, ನಾನು ಕೊಡ್ತೀನಿ ನೀವು ಕೊಡ್ತೀರಿ ಎಂದು ಎಳೆದಾಡಬೇಕು. ಅವನು ಕೊಟ್ಟನೋ, ಇನ್ನೊಂದು ಗಂಟೆ ಅವನ ಹಂಗಿನಲ್ಲಿ ಕೂರಬೇಕು. ಬಿಲ್ಲು ಎನ್ನುವುದು ಜನರನ್ನು ಎಬ್ಬಿಸಲು ಎಷ್ಟು ಒದಗುತ್ತದೋ ಕಟ್ಟಿಹಾಕಲು ಕೂಡ ಅಷ್ಟೇ ಒದಗುತ್ತದೆಂದು ನಾನು ಗಲ್ಲಾದ ಪಕ್ಕದಲ್ಲೇ ಕಲಿತಿದ್ದೆ.

ಹಾಗಾದರೆ ನನಗೆ ಬೇಕಾದದ್ದು ಮೊದಲೇ ದುಡ್ಡು ಕೊಟ್ಟು, ತಟ್ಟೆ ಹಿಡಿದುಕೊಂಡು ಹೋಗಿ ಕೂರುವ ಜಾಗ. ಬಾಯಿಗೆ ಹಾಕಿದ ತುತ್ತು ನುಂಗಿ ಎದ್ದು ನಡೆದರೂ ಯಾರೂ ಕೇಳಬಾರದು. ಗಟ್ಟಿ ಸ್ಟೂಲು ಇರಬೇಕು. ತಲೆಯ ಮೇಲೆ ಬಂದ್ ಮಾಡಲು ಫ್ಯಾನೇ ಇರಬಾರದು. ಸುತ್ತ ಜನ ಇರಬೇಕು, ಆದರೆ ನಮ್ಮ ಜನ ಇರಬಾರದು. ಹೀಗೆ ಅಪ್ಪಯ್ಯನ ವಿದ್ಯೆಯನ್ನೆಲ್ಲ ಉಲ್ಟಾ ಮಾಡಿ ಹುಡುಕುತ್ತಾ ಹೋದರೆ ಉಳಿದದ್ದು ಐ.ಎನ್.ಎ. ಮಾರ್ಕೆಟ್ಟಿನ ಎದುರಿನ ಹಾಟ್ ಎನ್ನುವ ಕರಕುಶಲ ಸಂತೆಯೊಂದೇ. ಬಾಗಿಲಲ್ಲಿ ಸಣ್ಣ ಟಿಕೆಟ್ಟು. ಅಷ್ಟಕ್ಕೇ ಬೀದಿ ಪೋಕರಿಗಳು ಹೊರಗೆ ಉಳಿಯುತ್ತಾರೆ. ಬ್ಯಾಗು ನೋಡುವ ಗಾರ್ಡುಗಳು. ಒಳಗೆ ಶಾಲು, ಬಳೆ, ಬುಟ್ಟಿಗಳ ಅಂಗಡಿಗಳು, ಹಿಂದೆ ಒಂದೊಂದು ರಾಜ್ಯದ್ದು ಒಂದೊಂದು ತಿಂಡಿ ಸ್ಟಾಲು. ಕೌಂಟರಿನಲ್ಲಿ ದುಡ್ಡು ಕೊಟ್ಟು ತಟ್ಟೆ ಎತ್ತಿಕೊಂಡು ಬಯಲಿನಲ್ಲಿ ಕೂರುವುದು. ಹೆಂಗಸರು, ಮಕ್ಕಳು, ಫಾರಿನರ್‌ಗಳು. ಮಾತು ನಿಂತುಹೋದರೆ ಎದ್ದು ಶಾಲು ನೋಡುವ ನೆಪವೂ ಇತ್ತು. ನಮ್ಮ ಕಡೆಯ ತಿಂಡಿ ಸಿಗುವ ಮೂಲೆಯನ್ನು ಬಿಟ್ಟು ಈಶಾನ್ಯದವರ ಮೊಮೊ ಸ್ಟಾಲಿನ ಹತ್ತಿರ ಕೂತರೆ ಯಾವ ಹೆಬ್ಬಾರರೂ ಆ ಕಡೆ ಸುಳಿಯುವುದಿಲ್ಲ.

ದಿನ ಸೋಮವಾರ, ಇಬ್ಬರೂ ಆಫೀಸಿಗೆ ರಜೆ ಹಾಕಿ. ಭಾನುವಾರ ಕನ್ನಡಿಗರ ಸಂಸಾರಗಳು ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತವೆ, ಅದು ಬೇಡ. ಹೊತ್ತು ಮಧ್ಯಾಹ್ನದ ಊಟದ್ದು. ಅದು ಹೋಟೆಲಿನವರ ಮಗಳಿಗಷ್ಟೇ ಹೊಳೆಯುವ ಲೆಕ್ಕ. ಹನ್ನೆರಡೂವರೆಯಿಂದ ಮೂರರವರೆಗೆ ದಿಲ್ಲಿಯ ಯಾವ ಹೋಟೆಲಿನವನೂ ತನ್ನ ಗಲ್ಲಾ, ತನ್ನ ಒಲೆ ಬಿಟ್ಟು ಕದಲುವುದಿಲ್ಲ. ಮೂರರ ಮೇಲೆ ಅವರಿಗೆಲ್ಲ ಬಿಡುವು, ಸಂಜೆಯ ತಿಂಡಿಯವರೆಗೆ ಎಲ್ಲಿ ಬೇಕಾದರೂ ಇರುತ್ತಾರೆ. ನಮ್ಮಲ್ಲೂ ಸೋಮವಾರ ಆ ಹೊತ್ತಿಗೆ ಅಪ್ಪಯ್ಯ ಬೇಳೆ-ಮೆಣಸು ತರಲು ಹಳೇ ದಿಲ್ಲಿಯ ಖಾರಿ ಬಾವ್ಲಿಗೆ ಹೊರಡುವರು, ಅಮ್ಮ ಆರ್.ಕೆ.ಪುರಂನ ದೇವಸ್ಥಾನಕ್ಕೆ. ಅಷ್ಟರೊಳಗೆ ನಾನು ಎದ್ದಿರಬೇಕು.

ಗೆಳತಿಗೆ ಎಲ್ಲ ಹೇಳಿದೆ. ಜಾಗ, ಹೊತ್ತು, ಅವನ ನಂಬರು. ಕೂತ ಅರ್ಧ ಗಂಟೆಗೆ ಅವಳು ಫೋನು ಮಾಡಬೇಕು. ನಾನು 'ಫೈಲ್ ಡ್ರಾಯರಿನಲ್ಲಿ ಉಂಟು' ಎಂದರೆ ಎಲ್ಲ ಸರಿ. 'ನಾನೇ ಬಂದು ಹುಡುಕ್ತೇನೆ' ಎಂದರೆ, ಎದ್ದು ಬರುತ್ತಿದ್ದೇನೆ ಎಂದು ಅರ್ಥ.

"ಇಷ್ಟೆಲ್ಲ ಪ್ಲ್ಯಾನ್ ಮಾಡಿ ಯಾರಾದ್ರೂ ಡೇಟ್‌ಗೆ ಹೋಗ್ತಾರೇನೇ? ಸ್ವಲ್ಪ ರಿಲ್ಯಾಕ್ಸ್ ಆಗು," ಎಂದಳು.

"ಪ್ಲ್ಯಾನ್ ಮಾಡಿದ್ರೇ ರಿಲ್ಯಾಕ್ಸ್ ಆಗ್ಲಿಕ್ಕೆ ಆಗೋದು ಮಾರಾಯ್ತಿ," ಎಂದೆ.

ಅವನಿಗೂ ಹೇಳಿದೆ. ಗೇಟಿನ ಒಳಗೆ ಭೇಟಿ, ಹೊರಗಲ್ಲ. ನಾನು ಬಸ್ಸಿನಲ್ಲಿ ಬರುತ್ತೇನೆ, ಬಸ್ಸಿನಲ್ಲಿ ಹೋಗುತ್ತೇನೆ, ಕರೆದುಕೊಂಡು ಬರುವುದು, ಬಿಟ್ಟು ಬರುವುದು ಏನೂ ಬೇಡ. ಹನ್ನೆರಡೂವರೆ ಅಂದರೆ ಹನ್ನೆರಡೂವರೆ. "ಯೆಸ್ ಮೇಡಂ," ಎಂದು ನಕ್ಕ.

ಆ ಸೋಮವಾರ ಚಳಿ ಮುಗಿದು ಬಿಸಿಲು ಇನ್ನೂ ಕಚ್ಚಲು ಶುರುಮಾಡದ ದಿನ. ನಾನು ಹೇಳಿದ ಹೊತ್ತಿಗೆ ಸರಿಯಾಗಿ ಟಿಕೆಟ್ಟು ತೆಗೆದು ಒಳಗೆ ಹೋದೆ. ಮೊಮೊ ಸ್ಟಾಲಿನ ಎದುರು, ಬಾಗಿಲು ಕಾಣುವ ಹಾಗೆ ಸ್ಟೂಲು ಹಿಡಿದೆ. ಅವನು ಬರಲಿಲ್ಲ. ಒಂದು ಗಂಟೆಗೆ 'ಆನ್ ದ ವೇ' ಎಂದು ಮೆಸೇಜು. ಒಂದೂವರೆಗೆ ಟೋಲಿನ ಹತ್ತಿರ ಜಾಮ್ ಎಂದು ಇನ್ನೊಂದು. ಗೆಳತಿ ಫೋನು ಮಾಡಿದಳು. ಫೈಲು ಇನ್ನೂ ಬಂದೇ ಇಲ್ಲ ಎಂದೆ. ಅಷ್ಟರಲ್ಲಿ ನಾನು ಎದ್ದು ಹೋಗಬೇಕಿತ್ತು. ಬೇರೆ ಯಾರಾದರೂ ಹೀಗೆ ಕಾಯುತ್ತಾ ಕೂತಿದ್ದರೆ ಎಷ್ಟು ಆಡಿಕೊಂಡು ನಗುತ್ತಿದ್ದೆನೆಂದು ನನಗೇ ಗೊತ್ತಿತ್ತು. ಆದರೂ ಕೂತೆ.

ಬಂದಾಗ ಎರಡೂವರೆ ದಾಟಿತ್ತು. ಕೈಯಲ್ಲಿ ಕೀಲಿಗೊಂಚಲು ತಿರುಗಿಸುತ್ತಾ ಬಂದ.

"ಸಾರಿ ರೀ. ಫ್ರೆಂಡ್ ಕಾರು ತಂದೆ. ತುಂಬ ಗಲೀಜಾಗಿತ್ತು, ತೊಳೆಸ್ಕೊಂಡು ಬರೋಣ ಅಂತ."

ಬೇಡವೆಂದಿದ್ದ ಕಾರು. ಅದನ್ನು ತೊಳೆಸಲು ನನ್ನ ಎರಡು ಗಂಟೆ. ಇವನನ್ನು ಇಲ್ಲೇ ಬಿಟ್ಟು ಎದ್ದುಬಿಡಬೇಕೆನ್ನುವಷ್ಟು ಸಿಟ್ಟು ಬಂತು. ಆದರೆ ಕೂತು ಬಾಯಿ ಬಿಟ್ಟನಲ್ಲ, ಅದೇ ದನಿ. ಮೊಮೊ ಅವನು ತಂದ, ಹಣ್ಣಿನ ರಸದ 'ಬಿಯರು' ನಾನು ತಂದೆ. ಹೆಸರಿಗಷ್ಟೇ ಬಿಯರು, ಅಮಲಿಲ್ಲ, ಬರೀ ಗುಳ್ಳೆ. ಬಾಟಲಿ ಎತ್ತಿ ಅವನು ಕುಡುಕನ ಹಾಗೆ ತೂರಾಡಿ ತೋರಿಸಿದ. ಪಕ್ಕದ ಟೇಬಲ್ಲಿನ ಮಗು ನಕ್ಕಿತು, ನಾನೂ ನಕ್ಕೆ. ಗಂಟಾದ ಮುದ್ದೆಯನ್ನು ರೂಮಿನವರು ಚೆಂಡು ಮಾಡಿ ಗೋಡೆಗೆ ಎಸೆದ ಕಥೆ ಹೇಳಿದ. ನನ್ನ ಬೆನ್ನು ಸ್ಟೂಲಿನ ಮೇಲೆ ಸಡಿಲವಾದದ್ದು ನನಗೇ ಗೊತ್ತಾಯಿತು. ಯಾರೂ ಟೇಬಲ್ ಒರೆಸಲು ಬರಲಿಲ್ಲ. ಗೆಳತಿ ಮತ್ತೆ ಫೋನು ಮಾಡಿದಾಗ ಫೈಲು ಡ್ರಾಯರಿನಲ್ಲಿ ಉಂಟು ಎಂದೆ. ಅದು ನಿಜವಾಗಿತ್ತು, ನನಗೆ ಖುಷಿಯಾಗಿತ್ತು. ಮೂರು ಗಂಟೆಯೆಂಬ ನನ್ನ ಗಡುವನ್ನು ನಾನೇ ಮರೆತೆ.

"ಕಾರು ಹೊರಗೇ ಇದೆ," ಎಂದ ಅವನು. "ಒಂದು ರೌಂಡ್ ಹೋಗ್ಬರೋಣ್ವಾ? ಇಲ್ಲಿ ಗಲಾಟೆ."

"ಬೇಡ. ಇಲ್ಲೇ ಚೆನ್ನಾಗಿ ಉಂಟು."

"ಓಕೆ, ಓಕೆ," ಎಂದು ಕೀಲಿ ಮೇಜಿನ ಮೇಲಿಟ್ಟ. ಅಷ್ಟು ಸುಲಭಕ್ಕೆ ಒಪ್ಪಿದ್ದಕ್ಕೆ ಇನ್ನಷ್ಟು ಇಷ್ಟವಾದ.

ಆಗಲೇ ಬಾಗಿಲ ಕಡೆಯಿಂದ ಅಪ್ಪಯ್ಯ ಬಂದರು. ಪಕ್ಕದಲ್ಲಿ ಅಮ್ಮ.

ಮೊದಲಿಗೆ, ಯಾರೋ ಫೋನು ಮಾಡಿ ನನ್ನನ್ನು ಹಿಡಿಯಲು ಬಂದಿದ್ದಾರೆಂದೇ ತಿಳಿದೆ. ಆದರೆ ಅವರು ಯಾರನ್ನೂ ಹುಡುಕುತ್ತಿರಲಿಲ್ಲ. ಅಪ್ಪಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅಮ್ಮನ ತಲೆಯಲ್ಲಿ ಹೂವಿತ್ತು. ಬಳೆ ಅಂಗಡಿಯ ಮುಂದೆ ನಿಂತು ಏನೋ ತೋರಿಸಿ, ಬೇಡವೆಂದು, ದಿನವೂ ಬರುವವರ ಹಾಗೆ ನೇರ ಬಿಹಾರದ ಸ್ಟಾಲಿನ ಕಡೆ ನಡೆದರು. ಖಾರಿ ಬಾವ್ಲಿಯೂ ಇಲ್ಲ, ದೇವಸ್ಥಾನವೂ ಇಲ್ಲ. ಫ್ಯಾನಿಲ್ಲದ, ಬಿಲ್ಲಿಲ್ಲದ, ನಮ್ಮ ಜನ ಇಲ್ಲದ ಜಾಗವನ್ನು ನಾನು ಅಪ್ಪಯ್ಯನ ತಲೆಯಿಂದಲೇ ಯೋಚಿಸಿ ಹುಡುಕಿದ್ದೆ. ಅದೇ ತಲೆ ಅವರ ಹೆಗಲ ಮೇಲೂ ಇದೆ ಎನ್ನುವುದು ನನಗೆ ಹೊಳೆದಿರಲಿಲ್ಲ.

"ತಿರುಗಿ ನೋಡ್ಬೇಡಿ," ಎಂದೆ ಮೆಲ್ಲಗೆ. "ನಿಮ್ಮ ಹಿಂದೆ ನನ್ನ ಅಪ್ಪ, ಅಮ್ಮ ಇದ್ದಾರೆ. ಇನ್ನೂ ನೋಡ್ಲಿಲ್ಲ."

ಅವನು ತಿರುಗಿ ನೋಡಿದ.

"ಅಯ್ಯೋ, ಇದು ಫ್ಯಾನ್ ಆಫ್ ಮಾಡೋನಲ್ವಾ?"

"ಹೌದು. ಅವರೇ."

ಅವನ ಮುಖದ ಬಣ್ಣ ಇಳಿಯಿತು. ನಾನಿನ್ನೂ ಯೋಚಿಸುತ್ತಿದ್ದೆ. ಬೇರೆ ಬೇರೆಯಾಗಿ ಎದ್ದು ಶಾಲಿನ ಅಂಗಡಿಗಳ ಹಿಂದಿನಿಂದ ಹೋಗಬಹುದಿತ್ತು. ಅಥವಾ ಅಲ್ಲಾಡದೆ ಅವರಿಗೆ ಬೆನ್ನು ಹಾಕಿ ಕೂರಬಹುದಿತ್ತು. ಇನ್ನೂ ಒಂದು ದಾರಿಯಿತ್ತು. ಇಬ್ಬರೂ ಎದ್ದು ಹೋಗಿ ನಮಸ್ಕಾರ ಹೇಳುವುದು. ಆ ಗಳಿಗೆಯಲ್ಲಿ ಅದಕ್ಕೂ ನಾನು ತಯಾರಿದ್ದೆ. ಅವನು ಒಂದು ಸಲ ನನ್ನ ಮುಖ ನೋಡಿ ಏನು ಮಾಡೋಣ ಎಂದು ಕೇಳಿದ್ದರೆ ಸಾಕಿತ್ತು.

"ಅವ್ರಿಗೆ ನನ್ನ ಮುಖ ಗೊತ್ತು ರೀ. ನೀವು ಮ್ಯಾನೇಜ್ ಮಾಡಿ," ಎಂದು ಕೀಲಿ ಎತ್ತಿಕೊಂಡು ಕಾಲಿಗೆ ಬುದ್ಧಿ ಹೇಳಿದ. ಓಡಲೂ ಇಲ್ಲ, ನಡೆಯಲೂ ಇಲ್ಲ. ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನ ಹಾಗೆ ಭುಜ ಕುಗ್ಗಿಸಿಕೊಂಡು ಬುಟ್ಟಿ ಅಂಗಡಿಗಳ ನಡುವೆ ಮಾಯವಾದ. ನಡುರಸ್ತೆಯಲ್ಲಿ ಕೈ ಹಿಡಿದು ನಡೆಯುವ ಎದೆ! ಎಂಟು ಮೊಮೊಗಳಲ್ಲಿ ಮೂರನ್ನೂ ತಿಂದಿರಲಿಲ್ಲ.

ನಾನು ತಲೆ ತಗ್ಗಿಸಿ, ದುಪಟ್ಟಾ ಎಳೆದುಕೊಂಡು ಅಲ್ಲೇ ಕೂತೆ. ಎದ್ದರೆ ಕಾಣುತ್ತೇನೆ, ಕೂತರೂ ಕಾಣುತ್ತೇನೆ. ಅಪಮಾನಕ್ಕೆ ಕಿವಿ ಬಿಸಿಯಾಗಿತ್ತು. ಕಣ್ಣಂಚಿನಲ್ಲಿ ಅವರಿಬ್ಬರೂ ಕಾಣುತ್ತಿದ್ದರು. ಹೊರಗಿನ ತಿಂಡಿಯನ್ನು ತಿಂಡಿಯೆಂದೇ ಒಪ್ಪದ ಅಪ್ಪಯ್ಯ ಒಂದು ತಟ್ಟೆ ಲಿಟ್ಟಿ ತಂದರು, ಬಿಹಾರದವರು ಕೆಂಡದಲ್ಲಿ ಸುಡುವ ಹಿಟ್ಟಿನ ಉಂಡೆ. ಹೆಬ್ಬೆರಳಿನಿಂದ ಒತ್ತಿ ಬಿಚ್ಚಿ, ತುಪ್ಪ ಒಳಗೆ ಇಳಿಯುವ ಹಾಗೆ ಮಾಡಿ ಅಮ್ಮನ ಕಡೆ ತಳ್ಳಿದರು. ಒಂದೇ ತಟ್ಟೆ, ಎರಡು ಚಮಚ. ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದರು. ಮನೆಯಲ್ಲಿ ದೊಡ್ಡಪ್ಪ ದೊಡ್ಡಮ್ಮನ ಎದುರು ಸೆರಗು ಬಾಯಿಗೆ ಹಿಡಿದು ನಗುವ ಅಮ್ಮ ಇಲ್ಲಿ ಹಲ್ಲು ಕಾಣುವಂತೆ ನಗುತ್ತಿದ್ದರು. ತಟ್ಟೆ ಖಾಲಿಯಾಗಿ ಎಷ್ಟೋ ಹೊತ್ತಾದರೂ ಏಳಲಿಲ್ಲ. ಇಂಥ ಗಿರಾಕಿಗಳು ನಮ್ಮಲ್ಲಿ ಬಂದಿದ್ದರೆ ಫ್ಯಾನು ಯಾವಾಗಲೋ ನಿಂತಿರುತ್ತಿತ್ತು. ನನ್ನ ಬದುಕಿನಲ್ಲಿ ಅಪ್ಪಯ್ಯನ ಮೇಲೆ ನನಗೆ ಅಷ್ಟು ಸಿಟ್ಟು, ಅಷ್ಟು ಹೊಟ್ಟೆಕಿಚ್ಚು ಒಟ್ಟಿಗೆ ಬಂದದ್ದು ಅದೊಂದೇ ಸಲ.

ಅಪ್ಪಯ್ಯ ಚಹಾ ತರಲು ಎದ್ದರು. ಕೌಂಟರಿನಲ್ಲಿ ಸಾಲಿತ್ತು. ಅಮ್ಮ ಎದ್ದು, ಶಾಲು ನೋಡುವವರ ಹಾಗೆ ಸುತ್ತಿ, ನೇರ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು.

"ಹೋದನಾ?" ಎಂದು ಕೇಳಿದರು.

"ಯಾರು?"

ಅಮ್ಮ ಎದುರಿನ ಖಾಲಿ ಸ್ಟೂಲು ನೋಡಿದರು, ಎರಡು ಬಾಟಲಿ ನೋಡಿದರು. ಅವರು ಎಷ್ಟಾದರೂ ಹೋಟೆಲಿನವರ ಹೆಂಡತಿ.

"ಹೋದ," ಎಂದೆ.

"ನಮ್ಮನ್ನು ನೋಡಿಯಾ?"

"ಹೌದು."

"ಎಂತ ಹೇಳಿ ಹೋದ?"

"ಮ್ಯಾನೇಜ್ ಮಾಡಿ ಅಂದ."

ಅಮ್ಮ ಮೂಗಿನಲ್ಲೇ ಒಂದು ಸದ್ದು ಮಾಡಿದರು. ಹಳಸಿದ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದಾಗ ಅವರು ಮಾಡುವ ಸದ್ದು ಅದು.

"ನೀವು ಎಷ್ಟು ವರ್ಷದಿಂದ ಇಲ್ಲಿಗೆ ಬರ್ತಿದ್ದೀರಿ ಅಮ್ಮ?"

"ಇದು ಶುರುವಾದಾಗಿಂದ. ಮೇಲೆ ಆ ಎರಡು ಕೋಣೆಯಲ್ಲಿ ಮಾತಾಡ್ಲಿಕ್ಕೆ ಜಾಗ ಎಲ್ಲುಂಟು? ಮೊದಲು ಪಾರ್ಕಿಗೆ ಹೋಗ್ತಿದ್ದದ್ದು. ಅಲ್ಲಿ ಒಬ್ಬ ಲಾಠಿ ಕುಟ್ಟಿ, ಮದುವೆ ಆಗಿದೆಯಾ, ಸರ್ಟಿಫಿಕೇಟ್ ತೋರಿಸಿ ಅಂದ. ನಿನ್ನ ಅಪ್ಪಯ್ಯ ಬಿಡ್ಲಿಲ್ಲ. ಇದ್ದವರೆಲ್ಲ ಸೇರುವಷ್ಟು ಜಗಳ ಮಾಡಿದ್ರು. ಆವತ್ತಿಗೆ ಇವರಿಗೆ ಹಿಂದಿಯೂ ಸರಿಯಾಗಿ ಬರ್ತಿರ್ಲಿಲ್ಲ."

"ಎದ್ದು ಬರ್ಬಹುದಿತ್ತಲ್ಲ?"

ನಾನು ಎಂಥದೋ ಅರ್ಥವಿಲ್ಲದ ಮಾತು ಆಡಿದೆನೆನ್ನುವ ಹಾಗೆ ಅಮ್ಮ ನನ್ನನ್ನು ನೋಡಿದರು.

"ನನ್ನನ್ನು ಬಿಟ್ಟಾ?" ಎಂದರು.

ಅಮ್ಮ ಕೌಂಟರಿನ ಕಡೆ ತಿರುಗಿ ನೋಡಿದರು. ಅಪ್ಪಯ್ಯ ಎರಡು ಮಣ್ಣಿನ ಕುಲ್ಹಡ್‌ಗಳಲ್ಲಿ ಚಹಾ ಹಿಡಿದು, ಚೆಲ್ಲದ ಹಾಗೆ ಹೆಜ್ಜೆ ಹಾಕುತ್ತಿದ್ದರು.

"ಮನೆಯಲ್ಲಿ ದೊಡ್ಡಮ್ಮನ ಹತ್ತಿರ ನಮ್ಮದು ಹೇಳ್ಬೇಡ. ನಿನ್ನದು ನಾನು ಹೇಳುವುದಿಲ್ಲ. ಶಾಲಿನ ಅಂಗಡಿ ಹಿಂದಿನಿಂದ ಹೋಗು," ಎಂದು ಹೇಳಿ ಅಮ್ಮ ತಮ್ಮ ಸ್ಟೂಲಿಗೆ ವಾಪಸಾದರು. ಅಪ್ಪಯ್ಯ ಏನೋ ಕೇಳಿದರು. ಅಮ್ಮ ಶಾಲಿನ ಕಡೆ ಕೈ ತೋರಿಸಿ ತಲೆಯಾಡಿಸಿದರು.

ನಾನು ತಟ್ಟೆಗಳನ್ನು ಕಸದ ಡಬ್ಬಕ್ಕೆ ಹಾಕಿ ಹಿಂದಿನಿಂದ ಸುತ್ತಿ ಹೊರಬಂದೆ. ಗೇಟಿನಿಂದ ಸ್ವಲ್ಪ ಮುಂದೆ, ಬಸ್‌ಸ್ಟಾಪಿನ ಪಕ್ಕ, ತೊಳೆದು ಮಿರಮಿರ ಮಿಂಚುವ ಕಾರಿನಲ್ಲಿ ಅವನು ಕೂತಿದ್ದ. ಎಂಜಿನ್ ಚಾಲೂ ಇತ್ತು. ನನ್ನನ್ನು ನೋಡಿ ಗಾಜು ಅರ್ಧ ಇಳಿಸಿದ.

"ಹೋದ್ರಾ ಅವ್ರು? ನಿಮ್ಮನ್ನ ನೋಡಿದ್ರಾ?" ಎಂದ. ಆಮೇಲೆ ಹಲ್ಲು ಕಿರಿದ. "ನಾನು ಹೋಗ್ಬಿಡ್ಲಿಲ್ಲ ನೋಡಿ, ನಿಮಗೋಸ್ಕರ ಇಲ್ಲೇ ಕಾಯ್ತಿದ್ದೆ. ಬನ್ನಿ, ಹತ್ತಿ, ಡ್ರಾಪ್ ಮಾಡ್ತೀನಿ. ಮುಂದಿನ ಸಲ ಜಾಗ ನಾನು ಹುಡುಕ್ತೀನಿ ರೀ. ಪಕ್ಕಾ ಸೇಫ್ ಆಗಿರೋದು."

ಅದೇ ದನಿ. ಅಷ್ಟೇ ಚೆನ್ನಾಗಿತ್ತು. ಅದಕ್ಕಾಗಿ ನಾನು ಎರಡು ಗಂಟೆ ಕಾದಿದ್ದೆ.

"ಜಾಗ ಸೇಫಾಗಿಯೇ ಇತ್ತು," ಎಂದೆ.

ಅವನು ಗಾಜು ಪೂರ್ತಿ ಇಳಿಸಿ, ಏನಂದ್ರಿ, ಕೇಳಿಸ್ಲಿಲ್ಲ ಎಂದ. ನಾನು ಮತ್ತೊಮ್ಮೆ ಹೇಳಲಿಲ್ಲ. ಬಸ್ಸು ಬಂತು, ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಗೆಳತಿಗೆ ಫೋನು ಮಾಡಿ, ಫೈಲು ಹುಡುಕುವುದು ಬೇಡ ಎಂದು ಹೇಳಿದೆ.